ಅಪ್ಪು, ಬಾಬು, ಚಂದು: ಹೇಗೆ ಹಿಡಿದರೂ ತಾಳೆ ಬರುವುದಿಲ್ಲ, ಪ್ರಶ್ನೆಯೇ ತಪ್ಪೋ?

ಪೆರ್ಲದವ

ಉಪಜಿಲ್ಲಾ ಗಣಿತ ಮೇಳಕ್ಕೆ ಮಕ್ಕಳು ಮಾಡುತ್ತಿರುವ ಪಝಲ್ ಚಾರ್ಟಿನಲ್ಲಿ ಈ ಸಮಸ್ಯೆ ಇದೆ. ಒಂದು ಊರಿನಲ್ಲಿ ಎರಡೇ ಬಗೆಯ ಜನ. ಸತ್ಯವಂತ ಆಡಿದ್ದೆಲ್ಲ ನಿಜ, ಸುಳ್ಳುಗಾರ ಆಡಿದ್ದೆಲ್ಲ ಸುಳ್ಳು. ನೋಡಿ ಗುರುತಿಸಲು ಆಗುವುದಿಲ್ಲ. ಮೂವರು ಸಿಗುತ್ತಾರೆ, ಒಬ್ಬೊಬ್ಬರೂ ಒಂದೊಂದು ಮಾತು ಹೇಳುತ್ತಾರೆ.

ಅಪ್ಪು: "ಬಾಬು, ಚಂದು ಇಬ್ಬರೂ ಸುಳ್ಳುಗಾರರು."
ಬಾಬು: "ಅಪ್ಪು ಸುಳ್ಳುಗಾರ."
ಚಂದು: "ಬಾಬು ಸುಳ್ಳುಗಾರ."

ಯಾರು ಯಾವ ಬಗೆ? ಹಾಳೆಯ ಹಿಂದೆ ಕೊಟ್ಟ ಉತ್ತರ: ಬಾಬು ಮಾತ್ರ ಸತ್ಯವಂತ.

ನಾನು ಮಾಡಿದ್ದು ಹೀಗೆ. ಮೊದಲು ಅಪ್ಪು ಸತ್ಯವಂತ ಎಂದು ಇಟ್ಟುಕೊಂಡೆ. ಆಗ ಬಾಬು, ಚಂದು ಇಬ್ಬರೂ ಸುಳ್ಳುಗಾರರು. ಆದರೆ ಚಂದು "ಬಾಬು ಸುಳ್ಳುಗಾರ" ಎಂದಿದ್ದಾನೆ, ಅದು ನಿಜವೇ ಆಯಿತು. ಸುಳ್ಳುಗಾರ ನಿಜ ಹೇಳುವಂತಿಲ್ಲ. ಆದ್ದರಿಂದ ಇದು ಬಿತ್ತು. ಆಮೇಲೆ ಅಪ್ಪು ಸುಳ್ಳುಗಾರ ಎಂದು ಇಟ್ಟುಕೊಂಡೆ. ಅವನ ಮಾತು ಸುಳ್ಳು, ಅಂದರೆ ಬಾಬು, ಚಂದು ಇಬ್ಬರೂ ಸುಳ್ಳುಗಾರರಲ್ಲ. ಹಾಗಾದರೆ ಇಬ್ಬರೂ ಸತ್ಯವಂತರು. ಆದರೆ ಚಂದು ಸತ್ಯವಂತನಾದರೆ ಬಾಬು ಸುಳ್ಳುಗಾರ ಆಗಬೇಕು. ಇದೂ ಬಿತ್ತು.

ಎರಡೂ ಬಿದ್ದ ಮೇಲೆ ಉತ್ತರ ಎಲ್ಲಿಂದ ಬಂತು? ಪ್ರಶ್ನೆ ಅಚ್ಚಾಗುವಾಗ ಏನಾದರೂ ಬಿಟ್ಟುಹೋಗಿದೆಯಾ?

ಉಪ್ಪಳದ ಬಾವ

ಪ್ರಶ್ನೆ ಸರಿ ಇದೆ ಮಾರಾಯ್ರೇ. ನೀವು ಸುಳ್ಳಿನ ಕಡೆಗೆ ಹೋಗಿದ್ದೇ ಕಷ್ಟಕ್ಕೆ ಕಾರಣ. ಆ ಕಡೆ ಹೋಗುವ ಅಗತ್ಯವೇ ಇಲ್ಲ. ಒಬ್ಬೊಬ್ಬನನ್ನೇ ಸರದಿಯಲ್ಲಿ ಸತ್ಯವಂತ ಎಂದು ಇಟ್ಟುನೋಡಿ, ಯಾರು ತಾಳೆ ಬರ್ತಾರೋ ಅವರೇ ಸತ್ಯವಂತರು.

ಅಪ್ಪು ಸತ್ಯವಂತ: ನೀವೇ ತೋರಿಸಿದಂತೆ ಬೀಳ್ತದೆ. ಚಂದು ಸತ್ಯವಂತ: ಬಾಬು ಸುಳ್ಳುಗಾರ, ಬಾಬು ಹೇಳಿದ್ದು ಸುಳ್ಳು, ಆದ್ದರಿಂದ ಅಪ್ಪು ಸತ್ಯವಂತ, ಅಪ್ಪು ಹೇಳುವ ಪ್ರಕಾರ ಚಂದು ಸುಳ್ಳುಗಾರ. ಚಂದುವಿನಿಂದ ಹೊರಟು ಚಂದುವಿಗೇ ಬಂದು ಬೀಳ್ತದೆ. ಬಾಬು ಸತ್ಯವಂತ: ಅಪ್ಪು ಸುಳ್ಳುಗಾರ, ಚಂದು ಹೇಳಿದ್ದು ಸುಳ್ಳಾದ್ದರಿಂದ ಚಂದುವೂ ಸುಳ್ಳುಗಾರ. ಅಪ್ಪು "ಇಬ್ಬರೂ ಸುಳ್ಳುಗಾರರು" ಎಂದದ್ದು ಸುಳ್ಳು, ಯಾಕೆಂದರೆ ಬಾಬು ಸತ್ಯವಂತ. ಎಲ್ಲ ತಾಳೆ. ಮೂರೇ ಸಲ ಇಟ್ಟುನೋಡಿದ್ದು, ಉತ್ತರ ಬಂತು.

ಮುಳ್ಳೇರಿಯ ಟೀಚರ್

ಬಾವನವರ ಉತ್ತರ ಸರಿ, ದಾರಿಯಲ್ಲಿ ಒಂದು ತೂತು ಉಳಿದಿದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಪೆರ್ಲದವರ ಲೆಕ್ಕ ಎಲ್ಲಿ ಜಾರಿತು ಎಂದು ನೋಡುವ, ಯಾಕೆಂದರೆ ಈ ಬಗೆಯ ಸಮಸ್ಯೆಗಳಲ್ಲಿ ಅತಿ ಹೆಚ್ಚು ಬರುವ ತಪ್ಪು ಅದೇ.

ನಿಮ್ಮ ಮೊದಲ ಅರ್ಧ ಪೂರ್ತಿ ಸರಿ. ಎರಡನೇ ಅರ್ಧದಲ್ಲಿ ಅಪ್ಪು ಸುಳ್ಳುಗಾರ, ಅವನ ಮಾತು ಸುಳ್ಳು ಎನ್ನುವವರೆಗೂ ಸರಿ. ಈಗ ಬಾಬು ಮತ್ತು ಚಂದು ಇಬ್ಬರಿಗೂ ಸೇರಿ ನಾಲ್ಕು ಸಾಧ್ಯತೆ ಬರೆಯಿರಿ. ಇಬ್ಬರೂ ಸತ್ಯವಂತರು. ಬಾಬು ಸತ್ಯವಂತ, ಚಂದು ಸುಳ್ಳುಗಾರ. ಬಾಬು ಸುಳ್ಳುಗಾರ, ಚಂದು ಸತ್ಯವಂತ. ಇಬ್ಬರೂ ಸುಳ್ಳುಗಾರರು. ಅಪ್ಪುವಿನ ಮಾತು ನಿಜವಾಗುವುದು ಈ ನಾಲ್ಕರಲ್ಲಿ ಕೊನೆಯದರಲ್ಲಿ ಮಾತ್ರ. ಆದ್ದರಿಂದ ಅವನ ಮಾತು ಸುಳ್ಳು ಎಂದ ಕೂಡಲೇ ಹೊಡೆದುಹಾಕಬೇಕಾದ್ದು ಆ ಒಂದೇ ಸಾಲನ್ನು. ಉಳಿದ ಮೂರೂ ಬದುಕಿರುತ್ತವೆ. ನೀವು ಆ ಮೂರರಲ್ಲಿ ಮೊದಲನೆಯದನ್ನು ಮಾತ್ರ ಹಿಡಿದು, ಅದು ಬಿದ್ದಾಗ ಎಲ್ಲವೂ ಬಿತ್ತೆಂದು ತೀರ್ಮಾನಿಸಿದಿರಿ. ಉತ್ತರ ಕೂತಿದ್ದದ್ದು ಎರಡನೆಯ ಸಾಲಿನಲ್ಲಿ.

ಹಾಗಾಗಿ ಅಪ್ಪು ಸುಳ್ಳುಗಾರ ಎಂದಾದ ಮೇಲೆ ಅವನ ಮಾತಿನಿಂದ ಸಿಗುವುದು ಇಷ್ಟೇ: ಉಳಿದಿಬ್ಬರಲ್ಲಿ ಒಬ್ಬನಾದರೂ ಸತ್ಯವಂತ. ಯಾರೆಂದು ಅವನ ಮಾತು ಹೇಳುವುದಿಲ್ಲ. ಅದನ್ನು ಬಾಬುವಿನ ಮಾತಿನಿಂದ ತೆಗೆಯಬೇಕು. ಬಾಬು "ಅಪ್ಪು ಸುಳ್ಳುಗಾರ" ಎಂದದ್ದು ಈಗ ನಿಜ, ಆದ್ದರಿಂದ ಬಾಬು ಸತ್ಯವಂತ. ಚಂದು ಬಾಬುವನ್ನು ಸುಳ್ಳುಗಾರ ಎಂದದ್ದು ಸುಳ್ಳು, ಆದ್ದರಿಂದ ಚಂದು ಸುಳ್ಳುಗಾರ. ಮುಗಿಯಿತು.

ಅಡೂರು 10ಎ

ಟೀಚರೇ, ನನಗೆ ಅಪ್ಪು ಸತ್ಯವಂತ ಎಂದರೂ ಸರಿ ಬರ್ತದೆ. ಅಪ್ಪು ನಿಜ ಹೇಳಿದ, ಆದ್ದರಿಂದ ಬಾಬು ಚಂದು ಸುಳ್ಳುಗಾರರು. ಸುಳ್ಳುಗಾರರ ಮಾತನ್ನು ನಂಬುವ ಹಾಗಿಲ್ಲ ಅಲ್ವಾ, ಮತ್ತೆ ಅದನ್ನು ಯಾಕೆ ನೋಡಬೇಕು? ಹಾಗಾಗಿ ಎರಡು ಉತ್ತರ ಇದೆ.

ಮುಳ್ಳೇರಿಯ ಟೀಚರ್

ಒಳ್ಳೆಯ ಪ್ರಶ್ನೆ ಮಗು. ನಂಬುವ ಹಾಗಿಲ್ಲ ಎನ್ನುವುದು ಬೇರೆ, ನೋಡುವ ಹಾಗಿಲ್ಲ ಎನ್ನುವುದು ಬೇರೆ. ನಮ್ಮ ಊರಿನ ಸುಳ್ಳುಗಾರ ಆಗೊಮ್ಮೆ ಈಗೊಮ್ಮೆ ನಿಜವನ್ನೂ ಹೇಳುತ್ತಾನೆ, ಅದಕ್ಕೇ ಅವನ ಮಾತಿಗೆ ಬೆಲೆ ಇಲ್ಲ. ಈ ಸಮಸ್ಯೆಯ ಸುಳ್ಳುಗಾರ ಹಾಗಲ್ಲ. ಅವನ ಬಾಯಿಂದ ಬಂದದ್ದು ಸುಳ್ಳಾಗಲೇಬೇಕು. ಆದ್ದರಿಂದ ಅವನ ಮಾತಿನಿಂದ ಸತ್ಯವಂತನ ಮಾತಿನಷ್ಟೇ ವಿಷಯ ಸಿಗುತ್ತದೆ, ತಿರುಗಿಸಿ ಓದಬೇಕು ಅಷ್ಟೇ.

ಉತ್ತರ ಸಿಕ್ಕಿತು ಎನಿಸಿದಾಗ ಮೂರು ಕಾಲಂ ಹಾಕು. ಒಂದರಲ್ಲಿ ಹೆಸರು. ಎರಡನೆಯದರಲ್ಲಿ ನೀನು ಕೊಟ್ಟ ಬಗೆ. ಮೂರನೆಯದರಲ್ಲಿ, ನಿನ್ನ ಉತ್ತರವೇ ಸರಿ ಎಂದು ಇಟ್ಟುಕೊಂಡಾಗ ಅವನ ಮಾತು ನಿಜವೋ ಸುಳ್ಳೋ. ನಿನ್ನ ಉತ್ತರಕ್ಕೆ ಹಾಕಿದರೆ:

ಅಪ್ಪು | ಸತ್ಯವಂತ | ನಿಜ
ಬಾಬು | ಸುಳ್ಳುಗಾರ | ಸುಳ್ಳು
ಚಂದು | ಸುಳ್ಳುಗಾರ | ನಿಜ

ಮೂರನೆಯ ಸಾಲು ನೋಡು. ಸುಳ್ಳುಗಾರ ಎಂದು ಬರೆದವನ ಮುಂದೆ ನಿಜ ಬಂದಿದೆ. ಉತ್ತರ ಬಿತ್ತು. ಸುಳ್ಳುಗಾರರ ಸಾಲನ್ನು ಪರೀಕ್ಷಿಸದೆ ಬಿಟ್ಟರೆ ತಪ್ಪು ಉತ್ತರವೂ ಸರಿಯಂತೆ ಕಾಣುತ್ತದೆ. ಹೆಚ್ಚಿನ ಸಲ ತಪ್ಪು ಅಡಗಿರುವುದು ಅದೇ ಸಾಲುಗಳಲ್ಲಿ.

ಪೆರ್ಲದವ

ಟೀಚರೇ, ನೀವು ಹೇಳಿದ್ದು ಅರ್ಥವಾಯಿತು. ಆದರೂ ಒಂದು ಸಂಶಯ. ಅಪ್ಪು ಹೇಳಿದ್ದು "ಇಬ್ಬರೂ ಸುಳ್ಳುಗಾರರು". ಅದು ಸುಳ್ಳು. ಹಾಗಾದರೆ "ಇಬ್ಬರೂ ಸುಳ್ಳುಗಾರರಲ್ಲ" ಎಂದು ನಾನು ಬರೆದದ್ದರಲ್ಲಿ ತಪ್ಪೇನು? ಆ ವಾಕ್ಯ ಓದಿದರೆ ಯಾರಿಗಾದರೂ ಇಬ್ಬರೂ ಒಳ್ಳೆಯವರು ಎಂದೇ ಅನಿಸುತ್ತದೆ.

ಮಧೂರಿನ ಕನ್ನಡ ಮಾಷ್ಟ್ರು

ಅಲ್ಲೇ ಇರುವುದು ಗಂಟು. ಇದು ಗಣಿತದ ತಪ್ಪಲ್ಲ, ನಮ್ಮ ಭಾಷೆಯ ಒಂದು ಗುಣ.

"ಎಲ್ಲರೂ ಬಂದಿಲ್ಲ" ಎಂದು ಯಾರಾದರೂ ಹೇಳಿದರೆ ಎರಡು ಅರ್ಥ ಮಾಡಬಹುದು. ಸಭೆ ಶುರುಮಾಡುವ ಮೊದಲು ಅಧ್ಯಕ್ಷರು ಹೇಳಿದರೆ, ಕೆಲವರು ಬಂದಿದ್ದಾರೆ, ಇನ್ನು ಕೆಲವರು ಬರಬೇಕು ಎಂದು. ಬಾಗಿಲಲ್ಲಿ ನಿಂತವನು ಬೇಸರದಿಂದ ಹೇಳಿದರೆ, ಒಬ್ಬನೂ ಬಂದಿಲ್ಲ ಎಂದು. ಇಲ್ಲಿನ ಮಲೆಯಾಳದಲ್ಲಿ "ಎಲ್ಲಾವರುಂ ವನ್ನಿಲ್ಲ" ಎಂದಾಗಲೂ ಇದೇ ಸಂಶಯ ಬರುತ್ತದೆ. ಎಣಿಕೆ ಎರಡಕ್ಕೆ ಇಳಿದಾಗ ಕನ್ನಡದ ಕಿವಿ ಎರಡನೆಯ ಅರ್ಥದ ಕಡೆಗೇ ವಾಲುತ್ತದೆ. "ಇಬ್ಬರೂ ಸುಳ್ಳುಗಾರರಲ್ಲ" ಎಂದರೆ ಈತನೂ ಅಲ್ಲ, ಆತನೂ ಅಲ್ಲ ಎಂದೇ ಕೇಳಿಸುತ್ತದೆ. ನಿಮ್ಮ ಲೆಕ್ಕದಲ್ಲಿ ವಾಕ್ಯ ಬರೆದದ್ದು ಒಂದು ಅರ್ಥಕ್ಕೆ, ಓದಿಕೊಂಡದ್ದು ಇನ್ನೊಂದು ಅರ್ಥಕ್ಕೆ.

ಇದಕ್ಕೆ ಕನ್ನಡದಲ್ಲೇ ಪರಿಹಾರವಿದೆ. ಮಾತನ್ನು ಸುಳ್ಳು ಮಾಡುವಾಗ ಕೊನೆಗೆ "ಅಲ್ಲ" ಅಂಟಿಸಬೇಡಿ. "ಇಬ್ಬರೂ", "ಎಲ್ಲರೂ" ಇದ್ದಲ್ಲಿ "ಒಬ್ಬನಾದರೂ" ಹಾಕಿ, ಮತ್ತು ಬಗೆಯನ್ನು ತಿರುಗಿಸಿ. "ಇಬ್ಬರೂ ಸುಳ್ಳುಗಾರರು" ಸುಳ್ಳಾದರೆ "ಒಬ್ಬನಾದರೂ ಸತ್ಯವಂತ". ಎದುರು ದಿಕ್ಕಿನಲ್ಲೂ ಹಾಗೆಯೇ: "ಒಬ್ಬನಾದರೂ ಸತ್ಯವಂತ" ಎಂಬುದು ಸುಳ್ಳಾದರೆ "ಎಲ್ಲರೂ ಸುಳ್ಳುಗಾರರು". "ಯಾರೂ" ಇದ್ದಲ್ಲಿ "ಯಾರಾದರೂ" ಬರುತ್ತದೆ, "ಯಾರಾದರೂ" ಇದ್ದಲ್ಲಿ "ಯಾರೂ". ಈ ಜೋಡಿ ತಪ್ಪದೆ ಕೆಲಸ ಮಾಡುತ್ತದೆ.

ಚಾರ್ಟಿನಲ್ಲಿ ಉತ್ತರದ ವಿವರಣೆ ಬರೆಯುವಾಗ "ಇಬ್ಬರೂ ಸುಳ್ಳುಗಾರರಲ್ಲ" ಎಂಬ ವಾಕ್ಯವನ್ನು ತೆಗೆದುಬಿಡಿ.

ಬದಿಯಡ್ಕ ಪಿಎಸ್‌ಸಿ

ಇಷ್ಟೆಲ್ಲ ಯಾಕೆ? ಈ ಪ್ರಶ್ನೆಗಳಲ್ಲಿ ಒಬ್ಬನೇ ಸತ್ಯವಂತ ಇರುವುದಲ್ವಾ. ಒಬ್ಬ ಸತ್ಯ ಎಂದರೆ ಉಳಿದಿಬ್ಬರ ಮಾತನ್ನು ಕೂಡಲೇ ತಿರುಗಿಸಬಹುದು. ನಾನು ಪರೀಕ್ಷೆಗೆ ಓದುತ್ತಿರುವ ಪುಸ್ತಕದಲ್ಲಿ ಇದೇ ಬಗೆಯ ಪ್ರಶ್ನೆ ಉಂಟು, ಅದರಲ್ಲಿ ನಾನು ಸಿಕ್ಕಿಹಾಕಿಕೊಂಡಿದ್ದೇನೆ. ಅಂಗಳದಿಂದ ಒಂದು ಗೋಣಿ ಅಡಿಕೆ ಹೋಗಿದೆ, ಮೂವರಲ್ಲಿ ಒಬ್ಬ ತೆಗೆದಿದ್ದಾನೆ. ಮೂವರಲ್ಲಿ ಒಬ್ಬನ ಮಾತು ಮಾತ್ರ ನಿಜ. ತೆಗೆದವ ಯಾರು?

ಕಿಟ್ಟು: "ತೆಗೆದದ್ದು ಗೋಪು."
ಗೋಪು: "ನಾನು ತೆಗೆದಿಲ್ಲ."
ಮೋನು: "ನಾನು ತೆಗೆದಿಲ್ಲ."

ನಿಜ ಹೇಳಿದವ ಗೋಪು ಎಂದು ಬರ್ತದೆ. ಆದರೆ ಉತ್ತರದಲ್ಲಿ ಮೋನು ಎಂದು ಕೊಟ್ಟಿದ್ದಾರೆ. ಉತ್ತರ ತಪ್ಪಲ್ವಾ?

ಮುಳ್ಳೇರಿಯ ಟೀಚರ್

ತಪ್ಪಲ್ಲ. ನಿಮ್ಮ ಪ್ರಶ್ನೆ ಕೇಳಿದ್ದು ಅಡಿಕೆ ತೆಗೆದವ ಯಾರೆಂದು, ನೀವು ಕಂಡುಹಿಡಿದದ್ದು ನಿಜ ಹೇಳಿದವ ಯಾರೆಂದು. ಎರಡೂ ಬೇರೆ ಬೇರೆ. ನಿಮ್ಮ ಲೆಕ್ಕವನ್ನು ಕೊನೆವರೆಗೆ ಒಯ್ದರೆ ಮೋನುವೇ ಸಿಗುತ್ತಾನೆ.

ಕಿಟ್ಟುವಿನ ಮಾತು ಮಾತ್ರ ನಿಜ ಎಂದಿಡಿ. ತೆಗೆದದ್ದು ಗೋಪು. ಮೋನುವಿನ "ನಾನು ತೆಗೆದಿಲ್ಲ" ಸುಳ್ಳಾಗಬೇಕು, ಆಗ ಮೋನುವೂ ತೆಗೆದ ಹಾಗಾಯಿತು. ತೆಗೆದವ ಒಬ್ಬನೇ, ಆದ್ದರಿಂದ ಬಿತ್ತು. ಮೋನುವಿನ ಮಾತು ಮಾತ್ರ ನಿಜ ಎಂದಿಡಿ. ಗೋಪುವಿನ "ನಾನು ತೆಗೆದಿಲ್ಲ" ಸುಳ್ಳು, ಅಂದರೆ ಗೋಪು ತೆಗೆದ. ಆದರೆ ಕಿಟ್ಟು ಹೇಳಿದ್ದೂ ಅದನ್ನೇ, ಕಿಟ್ಟುವಿನ ಮಾತೂ ನಿಜವಾಯಿತು. ಬಿತ್ತು. ಗೋಪುವಿನ ಮಾತು ಮಾತ್ರ ನಿಜ ಎಂದಿಡಿ. ಗೋಪು ತೆಗೆದಿಲ್ಲ. ಮೋನುವಿನ ಮಾತು ಸುಳ್ಳು, ಮೋನು ತೆಗೆದ. ಕಿಟ್ಟುವಿನ ಮಾತೂ ಸುಳ್ಳು. ತಾಳೆ.

ಈಗ ನಿಮ್ಮ ಮೊದಲ ಮಾತಿಗೆ ಬರುತ್ತೇನೆ. ಒಬ್ಬನ ಮಾತು ಮಾತ್ರ ನಿಜ ಎನ್ನುವುದು ನಿಮ್ಮ ಪ್ರಶ್ನೆಯಲ್ಲೇ ಬರೆದಿದೆ. ಅದರಿಂದ ಮೂರು ಸಲ ಇಟ್ಟುನೋಡಿದರೆ ಎಲ್ಲ ಸಾಧ್ಯತೆಗಳೂ ಮುಗಿಯುತ್ತವೆ. ಅಪ್ಪು, ಬಾಬು, ಚಂದು ಸಮಸ್ಯೆಯಲ್ಲಿ ಅಂಥ ಮಾತು ಇಲ್ಲ. ಮೂವರೂ ಸತ್ಯವಂತರಿರಬಹುದು, ಒಬ್ಬನೂ ಇಲ್ಲದಿರಬಹುದು. ಒಟ್ಟು ಎಂಟು ಸಾಧ್ಯತೆ. ಕೊನೆಗೆ ಒಬ್ಬನೇ ಸತ್ಯವಂತ ಎಂದು ಬಂದದ್ದು ಲೆಕ್ಕದಿಂದ, ನಿಯಮದಿಂದಲ್ಲ. ಅದನ್ನು ಮೊದಲೇ ಹಿಡಿದು ಹೊರಟರೆ ಈ ಸಮಸ್ಯೆಯಲ್ಲಿ ಉತ್ತರ ಸರಿ ಬರುತ್ತದೆ, ಮುಂದಿನದರಲ್ಲಿ ಕೈಕೊಡುತ್ತದೆ.

ಬಾವನವರ ದಾರಿಯ ತೂತು ಎಂದದ್ದು ಇದೇ. ಅವರಿಗೆ ಒಂದು ಸಮಸ್ಯೆ ಕೊಡುತ್ತೇನೆ. ಊರು ಅದೇ, ನಿಯಮ ಅದೇ.

ಅಪ್ಪು: "ಬಾಬು ಸತ್ಯವಂತ."
ಬಾಬು: "ಚಂದು ಸತ್ಯವಂತ."
ಚಂದು: "ನಮ್ಮ ಮೂವರಲ್ಲಿ ಒಬ್ಬನೇ ಸತ್ಯವಂತ."

ಉಪ್ಪಳದ ಬಾವ

ಮಾಡಿನೋಡಿದೆ ಟೀಚರೇ. ಅಪ್ಪು ಸತ್ಯವಂತ ಎಂದರೆ ಬಾಬು ಸತ್ಯವಂತ, ಬಾಬುವಿನಿಂದ ಚಂದು ಸತ್ಯವಂತ. ಮೂವರೂ ಸತ್ಯವಂತರಾದರು, ಆದರೆ ಚಂದು ಒಬ್ಬನೇ ಎನ್ನುತ್ತಾನೆ. ಬಿತ್ತು. ಬಾಬು ಸತ್ಯವಂತ ಎಂದರೆ ಚಂದು ಸತ್ಯವಂತ. ಅಪ್ಪು ಬಾಬುವನ್ನು ಸತ್ಯವಂತ ಎಂದದ್ದು ನಿಜ, ಅಪ್ಪುವೂ ಸತ್ಯವಂತ. ಮತ್ತೆ ಮೂವರು. ಬಿತ್ತು. ಚಂದು ಸತ್ಯವಂತ ಎಂದರೆ ಬಾಬು ಹೇಳಿದ್ದು ನಿಜ, ಬಾಬು ಸತ್ಯವಂತ, ಆಗಲೇ ಇಬ್ಬರಾದರು. ಬಿತ್ತು.

ಮೂವರೂ ಬಿದ್ದರು. ಪ್ರಶ್ನೆಯೇ ತಪ್ಪು. ಇದಕ್ಕೆ ಉತ್ತರ ಇರಲು ಸಾಧ್ಯವಿಲ್ಲ.

ಮುಳ್ಳೇರಿಯ ಟೀಚರ್

ಇದೆ. ಮೂವರೂ ಸುಳ್ಳುಗಾರರು. ಅಪ್ಪು ಬಾಬುವನ್ನು ಸತ್ಯವಂತ ಎಂದ, ಬಾಬು ಸುಳ್ಳುಗಾರ, ಮಾತು ಸುಳ್ಳು. ಬಾಬು ಚಂದುವನ್ನು ಸತ್ಯವಂತ ಎಂದ, ಅದೂ ಸುಳ್ಳು. ಚಂದು ಒಬ್ಬನೇ ಸತ್ಯವಂತ ಇದ್ದಾನೆ ಎಂದ, ನಿಜಕ್ಕೂ ಇರುವುದು ಸೊನ್ನೆ, ಅದೂ ಸುಳ್ಳು. ಮೂರು ಸಾಲಿನಲ್ಲೂ ಸುಳ್ಳುಗಾರನ ಮುಂದೆ ಸುಳ್ಳು ಬಂದಿದೆ. ಪೂರ್ತಿ ತಾಳೆ.

ಒಬ್ಬೊಬ್ಬನನ್ನು ಸರದಿಯಲ್ಲಿ ಸತ್ಯವಂತ ಎಂದು ಇಟ್ಟುನೋಡಿದಾಗ ನಾವು ಒಬ್ಬನಾದರೂ ಸತ್ಯವಂತ ಇರುವ ಸಾಧ್ಯತೆಗಳನ್ನೆಲ್ಲ ಮುಟ್ಟುತ್ತೇವೆ. ಎಂಟರಲ್ಲಿ ಅಂಥವು ಏಳು. ಮುಟ್ಟದೆ ಉಳಿಯುವುದು ಒಂದೇ ಒಂದು: ಯಾರೂ ಸತ್ಯವಂತರಲ್ಲದ್ದು. ಮೂರೂ ಬಿದ್ದರೆ ಪ್ರಶ್ನೆ ತಪ್ಪೆಂದು ಹೇಳುವ ಮೊದಲು ಆ ಒಂದನ್ನು ನಾಲ್ಕನೆಯ ಸಲ ಇಟ್ಟುನೋಡಬೇಕು. ಅದೂ ಬಿದ್ದರೆ ಆಗ ಪ್ರಶ್ನೆಯೇ ತಪ್ಪು.

ಚಂದುವಿನ ಮಾತನ್ನು ತಿರುಗಿಸುವಾಗಲೂ ಇದೇ ಸೊನ್ನೆ ಕೈತಪ್ಪುತ್ತದೆ. "ಒಬ್ಬನೇ ಸತ್ಯವಂತ" ಸುಳ್ಳು ಎಂದರೆ ಇಬ್ಬರು ಅಥವಾ ಮೂವರು ಸತ್ಯವಂತರು ಎಂದು ಬರೆಯುವವರೇ ಹೆಚ್ಚು. ಇಬ್ಬರು, ಮೂವರು, ಅಥವಾ ಯಾರೂ ಇಲ್ಲ ಎಂದು ಬರೆಯಬೇಕು.

ಇನ್ನು ಮೊದಲ ಸಮಸ್ಯೆಯಲ್ಲಿ ನಿಮ್ಮ ಲೆಕ್ಕವನ್ನು ಮುಗಿಸಲು ಬೇಕಿದ್ದದ್ದು ಒಂದೇ ಸಾಲು. ಅಪ್ಪುವೂ ಚಂದುವೂ ಬಿದ್ದ ಮೇಲೆ ಉಳಿದದ್ದು ಬಾಬು ಮಾತ್ರ, ಇಲ್ಲವೇ ಯಾರೂ ಇಲ್ಲ. ಯಾರೂ ಇಲ್ಲ ಎಂದರೆ ಸುಳ್ಳುಗಾರನಾದ ಬಾಬು "ಅಪ್ಪು ಸುಳ್ಳುಗಾರ" ಎಂದು ನಿಜ ಹೇಳಿದ ಹಾಗಾಗುತ್ತದೆ, ಬಿತ್ತು. ಈಗ ಬಾಬು ಮಾತ್ರ ಎನ್ನುವುದು ಸಾಬೀತು.

ಸೀತಾಂಗೋಳಿ ಕೋಡ್

ಎಂಟೇ ಸಾಧ್ಯತೆ ಇರುವಾಗ ಎಂಟನ್ನೂ ಓಡಿಸಿ ನೋಡಿದರೆ ಯಾವುದೂ ತಪ್ಪಿಹೋಗುವುದಿಲ್ಲ. ಪೈಥಾನ್‌ನಲ್ಲಿ ಮೊದಲ ಸಮಸ್ಯೆ ಇಷ್ಟೇ:

```python
from itertools import product

for a, b, c in product([True, False], repeat=3):
    if (a == (not b and not c)
            and b == (not a)
            and c == (not b)):
        print(a, b, c)
```

ಬರುವುದು `False True False` ಎಂಬ ಒಂದೇ ಸಾಲು. `a` ಅಪ್ಪು, `b` ಬಾಬು, `c` ಚಂದು, `True` ಎಂದರೆ ಸತ್ಯವಂತ. ನಡುವಿನ `==` ಚಿಹ್ನೆಯೇ ಟೀಚರ್ ಹಾಕಿದ ಎರಡು ಕಾಲಂಗಳ ತಾಳೆ. ಎಡಗಡೆ ಅವನ ಬಗೆ, ಬಲಗಡೆ ಅವನ ಮಾತು. ಎರಡೂ ಒಂದೇ ಆಗಿರಬೇಕು.

ಇಲ್ಲಿ ಆವರಣ ಚಿಹ್ನೆ ಬಿಡಬೇಡಿ. `b == not a` ಎಂದು ಬರೆದರೆ ಪೈಥಾನ್ ಅಲ್ಲೇ ತಪ್ಪು ತೋರಿಸುತ್ತದೆ, ಅದರಿಂದ ತೊಂದರೆ ಇಲ್ಲ. ತೊಂದರೆ ಇರುವುದು ಟೀಚರ್ ಕೊಟ್ಟ ಎರಡನೆಯ ಸಮಸ್ಯೆಯಲ್ಲಿ. ಅದರ ಸಾಲು ಹೀಗಿರಬೇಕು:

```python
    if a == b and b == c and c == (a + b + c == 1):
        print(a, b, c)
```

ಕೊನೆಯ ಆವರಣ ಬಿಟ್ಟು `c == a + b + c == 1` ಎಂದು ಬರೆದರೆ ಪೈಥಾನ್ ತಪ್ಪೇನೂ ತೋರಿಸುವುದಿಲ್ಲ, ಸುಮ್ಮನೆ ಓಡುತ್ತದೆ. ಆದರೆ ಅದನ್ನು `c`, ಮೊತ್ತ, 1 ಮೂರೂ ಸಮ ಎಂದು ಓದುತ್ತದೆ. ಮೂವರೂ ಸುಳ್ಳುಗಾರರಾದಾಗ ಮೊತ್ತ ಸೊನ್ನೆ, 1 ಅಲ್ಲ, ಆದ್ದರಿಂದ ಸರಿಯುತ್ತರವನ್ನೇ ಹೊರಗೆ ಹಾಕುತ್ತದೆ. ಪರದೆಯ ಮೇಲೆ ಒಂದು ಸಾಲೂ ಬರುವುದಿಲ್ಲ. ನೋಡಿದವರು ಪ್ರಶ್ನೆಗೆ ಉತ್ತರವಿಲ್ಲ ಎಂದುಕೊಳ್ಳುತ್ತಾರೆ.

ಉಪ್ಪಳದ ಬಾವ

ನಾಲ್ಕನೆಯ ಸಲದ ಮಾತು ಒಪ್ಪಿದೆ ಟೀಚರೇ. ಆದರೆ ಮೇಳದಲ್ಲಿ ಮಕ್ಕಳ ಹತ್ತಿರ ಪೈಥಾನ್ ಇರುವುದಿಲ್ಲ, ಎಂಟು ಸಾಲು ಬರೆಯಲು ಸಮಯವೂ ಇಲ್ಲ. ಕೈಯಲ್ಲಿ ಮಾಡುವವರಿಗೆ ನಾನು ಒಂದು ಸೇರಿಸುತ್ತೇನೆ.

ಒಬ್ಬ ಇನ್ನೊಬ್ಬನನ್ನು ಸುಳ್ಳುಗಾರ ಎಂದರೆ ಆ ಇಬ್ಬರೂ ಬೇರೆ ಬೇರೆ ಬಗೆ. ಹೇಳಿದವ ಸತ್ಯವಂತನಾದರೆ ಇನ್ನೊಬ್ಬ ಸುಳ್ಳುಗಾರ, ಹೇಳಿದವ ಸುಳ್ಳುಗಾರನಾದರೆ ಇನ್ನೊಬ್ಬ ಸತ್ಯವಂತ. ಒಬ್ಬ ಇನ್ನೊಬ್ಬನನ್ನು ಸತ್ಯವಂತ ಎಂದರೆ ಇಬ್ಬರೂ ಒಂದೇ ಬಗೆ. ಯಾರನ್ನೂ ಸತ್ಯವಂತ ಎಂದು ಇಟ್ಟುಕೊಳ್ಳುವ ಮೊದಲೇ ಇಷ್ಟು ಬರೆದುಕೊಳ್ಳಬಹುದು.

ಮೊದಲ ಸಮಸ್ಯೆಯಲ್ಲಿ ಬಾಬು ಅಪ್ಪುವನ್ನು ಸುಳ್ಳುಗಾರ ಎಂದ, ಇಬ್ಬರೂ ಬೇರೆ ಬೇರೆ. ಚಂದು ಬಾಬುವನ್ನು ಸುಳ್ಳುಗಾರ ಎಂದ, ಅವರೂ ಬೇರೆ ಬೇರೆ. ಹಾಗಾದರೆ ಅಪ್ಪು, ಚಂದು ಒಂದು ಪಕ್ಷ, ಬಾಬು ಇನ್ನೊಂದು ಪಕ್ಷ. ಎಂಟು ಹೋಗಿ ಎರಡೇ ಉಳಿಯಿತು. ಅಪ್ಪು ಸತ್ಯವಂತನಾದರೆ ತನ್ನ ಪಕ್ಷದ ಚಂದುವನ್ನೇ ಸುಳ್ಳುಗಾರ ಎಂದ ಹಾಗಾಗ್ತದೆ, ಆಗುವುದಿಲ್ಲ. ಉಳಿದದ್ದು ಬಾಬು ಮಾತ್ರ ಸತ್ಯವಂತ. ಎರಡು ಪಕ್ಷ ಬಿಟ್ಟು ಮೂರನೆಯದೇ ಇಲ್ಲದ ಕಾರಣ ನಾಲ್ಕನೆಯ ಸಲವೂ ಬೇಡ.

ಮುಳ್ಳೇರಿಯ ಟೀಚರ್

ಇದು ತುಂಬಾ ಚೆನ್ನಾಗಿದೆ, ಚಾರ್ಟಿಗೆ ಹಾಕಬಹುದು. ಒಂದೇ ಎಚ್ಚರ. ಒಬ್ಬನನ್ನೇ ಕುರಿತು ನೇರವಾಗಿ ಹೇಳಿದ ಮಾತಿಗೆ ಮಾತ್ರ ಇದು ನಡೆಯುತ್ತದೆ. ಅಪ್ಪುವಿನ "ಇಬ್ಬರೂ ಸುಳ್ಳುಗಾರರು" ಮಾತಿಗೆ ಹಚ್ಚಿ, ಅಪ್ಪು ಬಾಬುವಿಗಿಂತ ಬೇರೆ, ಚಂದುವಿಗಿಂತಲೂ ಬೇರೆ ಎಂದು ಬರೆದರೆ ಪೆರ್ಲದವರ ಮೊದಲಿನ ತಪ್ಪೇ ಇನ್ನೊಂದು ವೇಷದಲ್ಲಿ ಬರುತ್ತದೆ. ಅಪ್ಪು ಸುಳ್ಳುಗಾರನಾದರೆ ಇಬ್ಬರೂ ಸತ್ಯವಂತರಾಗಬೇಕೆಂದಿಲ್ಲ ಅಲ್ಲವೇ.

ಅಡೂರು 10ಎ

ಟೀಚರೇ, ಎರಡೇ ಜನ ಇದ್ದು ಅಪ್ಪು "ಬಾಬು ಸತ್ಯವಂತ" ಎಂದು, ಬಾಬು "ಅಪ್ಪು ಸತ್ಯವಂತ" ಎಂದು ಹೇಳಿದರೆ? ಬಾವನವರ ಪ್ರಕಾರ ಒಂದೇ ಬಗೆ. ಅಪ್ಪು ಸತ್ಯವಂತ ಎಂದಿಟ್ಟರೆ ತಾಳೆ ಬರ್ತದೆ. ಉತ್ತರ ಇಬ್ಬರೂ ಸತ್ಯವಂತರು ತಾನೇ?

ಮುಳ್ಳೇರಿಯ ಟೀಚರ್

ಇಬ್ಬರೂ ಸುಳ್ಳುಗಾರರು ಎಂದು ಇಟ್ಟುನೋಡು. ಅದೂ ತಾಳೆ ಬರುತ್ತದೆ. ಎರಡು ಉತ್ತರ ಇರುವುದರಿಂದ ಆ ಸಮಸ್ಯೆಯಲ್ಲಿ ಯಾರು ಯಾವ ಬಗೆ ಎಂದು ಹೇಳಲು ಆಗುವುದಿಲ್ಲ. ಸತ್ಯವಂತ ಎಂದಿಟ್ಟದ್ದು ತಾಳೆ ಬಂದರೆ ಅವನು ಸತ್ಯವಂತ ಇರಬಹುದು ಎಂದು ಮಾತ್ರ ಗೊತ್ತಾಗುತ್ತದೆ. ಇರಲೇಬೇಕು ಎನ್ನಲು ಸುಳ್ಳುಗಾರ ಎಂದಿಟ್ಟದ್ದು ಬಿದ್ದಿರಬೇಕು.

ಪೆರ್ಲದವ

ಎಲ್ಲರಿಗೂ ಧನ್ಯವಾದ. ಚಾರ್ಟಿನಲ್ಲಿ ಎರಡನೆಯ ಸಮಸ್ಯೆಯ ಒಂದು ಸಾಲಿನಲ್ಲಿ ಅಪ್ಪು ಹೀಗೆನ್ನುತ್ತಾನೆ: "ಬಾಬು ಸತ್ಯವಂತನಾದರೆ ಚಂದು ಸುಳ್ಳುಗಾರ." ಅಪ್ಪು ಸುಳ್ಳುಗಾರ ಎಂದಿಟ್ಟರೆ ಇದನ್ನು ತಿರುಗಿಸುವುದು ಹೇಗೆ? "ಬಾಬು ಸತ್ಯವಂತನಾದರೆ ಚಂದು ಸತ್ಯವಂತ" ಎಂದಾ?

ಸೀತಾಂಗೋಳಿ ಕೋಡ್

ಹಾಗಲ್ಲ. ಆ ಮಾತು ಸುಳ್ಳಾಗುವುದು ಒಂದೇ ಕಡೆ: ಬಾಬು ಸತ್ಯವಂತನೇ ಆಗಿದ್ದು, ಚಂದುವೂ ಸತ್ಯವಂತನಾಗಿರುವಾಗ. ಆದ್ದರಿಂದ ಅಪ್ಪು ಸುಳ್ಳುಗಾರ ಎಂದಾದರೆ ಉಳಿದಿಬ್ಬರೂ ಸತ್ಯವಂತರು ಎಂದು ಖಚಿತವಾಗಿ ಸಿಗುತ್ತದೆ. ಕೋಡಿನಲ್ಲಿ `a == (not b or not c)`.

ಮಧೂರಿನ ಕನ್ನಡ ಮಾಷ್ಟ್ರು

ಲೆಕ್ಕದ ಮಟ್ಟಿಗೆ ಸರಿ ಇರಬಹುದು, ಆದರೆ ಕನ್ನಡದಲ್ಲಿ ನಾನು ಇದನ್ನು ಒಪ್ಪಲಾರೆ. "ಮಳೆ ಬಂದರೆ ಆಟ ಇಲ್ಲ" ಎಂದು ಒಬ್ಬ ಹೇಳಿದ, ಮಳೆ ಬರಲೇ ಇಲ್ಲ. ಅವನು ನಿಜ ಹೇಳಿದನೇ ಎಂದು ಯಾರೂ ಕೇಳುವುದಿಲ್ಲ, ಆ ಮಾತು ಅಲ್ಲಿಗೇ ಬಿಟ್ಟುಹೋಗುತ್ತದೆ. ನಿಮ್ಮ ಲೆಕ್ಕದ ಪ್ರಕಾರ ಬಾಬು ಸುಳ್ಳುಗಾರನಾದ ಕೂಡಲೇ ಅಪ್ಪುವಿನ ಮಾತು ತಾನಾಗಿ ನಿಜವಾಗಿ, ಅಪ್ಪು ಸತ್ಯವಂತನಾಗಿಬಿಡುತ್ತಾನೆ. ಏಳನೆಯ ತರಗತಿಯ ಮಗು ಇದನ್ನು ಯಾಕೆ ಒಪ್ಪಬೇಕು? "ಬಾಬು, ಚಂದು ಇವರಲ್ಲಿ ಒಬ್ಬನಾದರೂ ಸುಳ್ಳುಗಾರ" ಎಂದು ಬರೆಯಿರಿ. ಲೆಕ್ಕ ಅದೇ, ಸಂಶಯ ಇಲ್ಲ.

ಮುಳ್ಳೇರಿಯ ಟೀಚರ್

ಮಾಷ್ಟ್ರೇ, ಎರಡೂ ಒಂದೇ ಅರ್ಥ ಎನ್ನುವುದು ಹೌದು. ಆದರೆ ಈ ಸಮಸ್ಯೆಗಳಲ್ಲಿ ಪ್ರತಿ ಮಾತೂ ನಿಜ ಅಥವಾ ಸುಳ್ಳು ಆಗಲೇಬೇಕು, ಬಿಟ್ಟುಹೋಗುವ ಮಾತಿಗೆ ಜಾಗವಿಲ್ಲ. "ಆದರೆ" ಎಂಬ ಮಾತನ್ನು ಹಾಗೆ ಓದುವುದು ಒಂದು ಒಪ್ಪಂದ. ಅದನ್ನು ಚಾರ್ಟಿನ ಮೇಲ್ಗಡೆ ನಿಯಮವಾಗಿ ಒಂದು ಸಾಲು ಬರೆದರೆ ಮಗು ಒಪ್ಪುತ್ತದೆ. ತೆಗೆದೇಬಿಟ್ಟರೆ ಮುಂದೆ ದೊಡ್ಡ ತರಗತಿಯಲ್ಲಿ ಎದುರಾದಾಗ ಮೊದಲ ಸಲ ಕಾಣುವ ಹಾಗಾಗುತ್ತದೆ.

ಮಧೂರಿನ ಕನ್ನಡ ಮಾಷ್ಟ್ರು

ದೊಡ್ಡ ತರಗತಿಯಲ್ಲಿ ಕಾಣಲಿ ಟೀಚರೇ. ಏಳರಲ್ಲಿ ಬೇಡ ಎಂಬುದೇ ನನ್ನ ಅಭಿಪ್ರಾಯ.

ಪೆರ್ಲದವ

ಸದ್ಯಕ್ಕೆ ಹೀಗೆ ಮಾಡುತ್ತೇನೆ. ಮೊದಲ ಸಮಸ್ಯೆ ಹಾಗೆಯೇ ಇರಲಿ. ವಿವರಣೆಯಲ್ಲಿ "ಇಬ್ಬರೂ ಸುಳ್ಳುಗಾರರಲ್ಲ" ಹೊಡೆದು "ಒಬ್ಬನಾದರೂ ಸತ್ಯವಂತ" ಬರೆಸಿದ್ದೇನೆ, ಕೆಳಗೆ ಮೂರು ಕಾಲಂನ ತಾಳೆಪಟ್ಟಿ. "ಆದರೆ" ಇರುವ ಸಾಲಿನ ಜಾಗದಲ್ಲಿ ಟೀಚರ್ ಕೊಟ್ಟ ಮೂವರೂ ಸುಳ್ಳುಗಾರರ ಸಮಸ್ಯೆ ಹಾಕುತ್ತೇವೆ. ನೋಡಲು ಬಂದವರು ಮೂವರನ್ನೂ ಬೀಳಿಸಿ ಉತ್ತರವಿಲ್ಲ ಎಂದಾಗ ಮಕ್ಕಳು ನಾಲ್ಕನೆಯ ಸಲ ಇಟ್ಟು ತೋರಿಸಲಿ.

ಬದಿಯಡ್ಕ ಪಿಎಸ್‌ಸಿ

ನನ್ನ ಪುಸ್ತಕದ ಮುಂದಿನ ಪ್ರಶ್ನೆಯಲ್ಲಿ ನಾಲ್ವರು ಇದ್ದಾರೆ, "ಹೆಚ್ಚೆಂದರೆ ಒಬ್ಬನ ಮಾತು ನಿಜ" ಎಂದಿದೆ. ಇದರಲ್ಲಿ ನಾಲ್ಕು ಸಲ ಇಟ್ಟುನೋಡಿದರೆ ಸಾಕೋ, ಐದೋ?

ಉಪ್ಪಳದ ಬಾವ

ಐದು. ಹೆಚ್ಚೆಂದರೆ ಒಬ್ಬ ಎಂದರೆ ಯಾರೂ ಇಲ್ಲದ್ದೂ ಸೇರ್ತದೆ.